ಶೈಲಶ್ರೀ ಟೀಚರ ಹತ್ತು ಕೋಡುಗಳು

ನಮ್ಮ ಶಾಲೆಯ ಪೋರ್ಟಲ್‌ಗೆ ಪಾಸ್‌ವರ್ಡ್ ಒಂದೇ ಸಾಲದು, ಫೋನಿನ ಆ್ಯಪ್ ತೋರಿಸುವ ಕೋಡೂ ಬೇಕು. ಶೈಲಶ್ರೀ ಟೀಚರ ಆ್ಯಪನ್ನು ಗಂಡ ಸಂಗನಬಸವ ತಮ್ಮ ಫೋನಿನಲ್ಲೇ ಹಾಕಿಕೊಂಡಿದ್ದರು. ಆ ಫೋನು ಸಿಗದಾಗ ಬಳಸಲು ಹತ್ತು ಬ್ಯಾಕಪ್ ಕೋಡುಗಳನ್ನು ಹೆಂಡತಿಯ ಡೈರಿಯಲ್ಲಿ ಬರೆದುಕೊಟ್ಟಿದ್ದರು. ಅವರು ತೀರಿಕೊಂಡಾಗ ಮನೆಯವರು ಆ ಫೋನನ್ನೂ ಅವರ ಜೊತೆ ಕುಣಿಯೊಳಗೆ ಇಟ್ಟರು.

ಒಂದು ಕೋಡು ಒಂದೇ ಸಲ ನಡೆಯುತ್ತದೆ. ಬಳಸಿದ್ದನ್ನು ಟೀಚರು ಗೆರೆ ಎಳೆದು ಹೊಡೆದುಹಾಕುತ್ತಿದ್ದರು.

"ನಿಮ್ಮ ಫೋನಿಗೇ ಆ್ಯಪ್ ಹಾಕ್ಕೊಳ್ರಿ" ಎಂದು ಶಾಲೆಯ ಕಂಪ್ಯೂಟರ್ ನೋಡಿಕೊಳ್ಳುವ ನಾನು ಗದರಿದೆ.

"ಇನ್ನೂ ಅವರು ಬರೆದ ಕೋಡು ಅದಾವಲ್ರಿ."

ಹತ್ತನೆಯ ಕೋಡಿನಿಂದ ಒಳಹೊಕ್ಕಾಗ, ನಾನೇ ಟೀಚರ ಫೋನಿನಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿಸಿ ಆ್ಯಪ್ ಹಾಕಿಸಿದೆ. ಹೊಸ ಹತ್ತು ಬ್ಯಾಕಪ್ ಕೋಡುಗಳು ಬಂದವು. ಅದೇ ಡೈರಿಯಲ್ಲಿ ಬರೆದುಕೊಳ್ಳಲು ಹೇಳಿದೆ.

ಪೆನ್ನನ್ನು ನನ್ನ ಕೈಗಿಟ್ಟರು. "ನೀವ ಬರೀರಿ. ಅಲ್ಲಿ ನನ್ನ ಅಕ್ಷರ ಕಂಡ್ರ, ಅವರು ಹೋದದ್ದು ಖರೇ ಆಗ್ತೈತಿ."