ಅತ್ತೆ ಮುಂದೂಡಿದ ಕಾಫಿ

ನಮ್ಮತ್ತೆ ಹರಪನಹಳ್ಳಿ ಕಡೆಯವರು. ಕೊಟ್ಟೂರಿನ ಈ ಮನೆಗೆ ಸೊಸೆಯಾಗಿ ಬರುವಾಗ ತವರಿನಿಂದ ಹಿತ್ತಾಳೆಯ ಕಾಫಿ ಫಿಲ್ಟರ್ ತಂದಿದ್ದರು. ಮಧ್ಯಾಹ್ನ ಊಟ ಮುಗಿಸಿ ಕೈತೊಳೆಯುವಷ್ಟರಲ್ಲಿ ಅವರ ಕೈಯ ಕಾಫಿ ಬರುತ್ತಿತ್ತು. ನಾನು ಮದುವೆಯಾಗಿ ಬಂದಾಗ ನಮ್ಮಿಬ್ಬರಿಗೆ ಸಲಿಗೆ ಬೆಳೆದದ್ದೇ ಆ ಕಾಫಿ ಲೋಟದ ನೆಪದಲ್ಲಿ.

ಎರಡನೆಯ ಹೆರಿಗೆಯಾಗಿ ಕೆಲವು ವರ್ಷ ಕಳೆದ ಮೇಲೆ ನನಗೆ ಸುಸ್ತು ಶುರುವಾಯಿತು. ಮಾಳಿಗೆ ಹತ್ತಿದರೆ ಏದುಸಿರು, ಕೂತು ಎದ್ದರೆ ಕಣ್ಣು ಕತ್ತಲೆ. ಹಗರಿಬೊಮ್ಮನಹಳ್ಳಿಯ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, ಕಬ್ಬಿಣದ ಅಂಶ ಕಡಿಮೆಯಿದೆ ಎಂದು ಗುಳಿಗೆ ಕೊಟ್ಟರು. ತಪ್ಪದೆ ನುಂಗಿದೆ. ಮತ್ತೆ ಪರೀಕ್ಷಿಸಿದಾಗ ಏರಿಕೆ ಇಲ್ಲವೆನ್ನುವಷ್ಟು. ಜೊತೆಗೆ ಬಂದಿದ್ದ ಅತ್ತೆಯ ಮುಖ ಸಪ್ಪಗಾಯಿತು.

"ಗುಳಿಗಿ ಯಾವಾಗ ತಗೋತೀರಿ?" ಎಂದು ಡಾಕ್ಟರಮ್ಮ ಕೇಳಿದರು.

"ಉಂಡ ಮ್ಯಾಲೆ ರೀ. ಕಾಫಿ ಜೊತಿಗೆ," ಎಂದೆ.

"ಅಲ್ಲೇ ಐತಿ ನೋಡ್ರಿ. ನೀವು ಮಾಂಸ ತಿನ್ನೋರಲ್ಲ. ಕಾಳು, ಸೊಪ್ಪಿನ ಕಬ್ಬಿಣ ಮೈಗೆ ಹತ್ತೋದೇ ಸ್ವಲ್ಪ. ಕಾಫಿಯೊಳಗಿನ ಒಗರು ಅದನ್ನ ಹೊಟ್ಟಿಯೊಳಗೇ ಹಿಡದುಬಿಡ್ತೈತಿ. ಗುಳಿಗೀದೂ ಅದೇ ಕಥಿ. ಚಾ ಕುಡಿದ್ರೂ ಅಷ್ಟೇ."

ಕಾಫಿಯೊಂದೇ ಕಾರಣವಲ್ಲ, ತಿಂಗಳ ಸ್ರಾವ ಹೆಚ್ಚಿರುವುದೂ ಕಾರಣ ಎಂದು ಅದಕ್ಕೂ ಚಿಕಿತ್ಸೆ ಬರೆದರು.

ಅತ್ತೆ ಮೆಲ್ಲಗೆ ಕೇಳಿದರು: "ಹಂಗಾರ ಕಾಫಿ ಪೂರಾ ಬಿಡಬೇಕೇನ್ರಿ?"

"ಬ್ಯಾಡ್ರಿ ಯಜಮಾನ್ತಿ. ಉಂಡು ಎರಡು ತಾಸು ಆದಮ್ಯಾಲೆ ಕುಡೀಲಿ. ಊಟದಾಗ ನಿಂಬಿಹಣ್ಣು ಇರಲಿ, ಕಬ್ಬಿಣ ಮೈಗೆ ಹತ್ತಾಕ ಅನುಕೂಲ."

ಮರಳುವಾಗ ಬಸ್ಸಿನಲ್ಲಿ ಅತ್ತೆ, "ಪ್ರೀತಿಲೆ ಕೊಟ್ನೆವ್ವಾ. ಹಿಂಗಂತ ಯಾರಿಗೆ ಗೊತ್ತಿತ್ತು?" ಎಂದರು. "ನನಗೂ ಗೊತ್ತಿರಲಿಲ್ಲಲ್ಲ ಅತ್ತಿ," ಎಂದು ಅವರ ಕೈ ಹಿಡಿದುಕೊಂಡೆ.

ಮರುದಿನ ಮಧ್ಯಾಹ್ನ ರೊಟ್ಟಿ, ಹೆಸರುಕಾಳಿನ ಪಲ್ಯ, ಮೆಂತ್ಯಸೊಪ್ಪಿನ ಪಚಡಿ. ಪಕ್ಕದಲ್ಲಿ ಹೋಳು ಮಾಡಿದ ನಿಂಬೆ. ಗುಳಿಗೆಗೆ ಒಂದು ಲೋಟ ನೀರು. ಕಾಫಿ ಬರಲಿಲ್ಲ. ಅತ್ತೆಯೂ ಕುಡಿಯಲಿಲ್ಲ.

"ನೀವರ ಕುಡೀರಿ ಅತ್ತಿ," ಎಂದೆ.

"ನಾ ಕುಡಿಯೋದ ನೋಡಿ ನಿನಗ ಆಸಿ ಆಗ್ತತಿ. ಇಬ್ರೂ ಕೂಡಿ ನಾಕು ಗಂಟಿಗೆ ಕುಡಿಯೂಣು."

ಮೊದಮೊದಲು ಅವರಿಗೆ ತಲೆನೋವು ಬರುತ್ತಿತ್ತು. ಹಣೆಗೆ ಬಟ್ಟೆ ಬಿಗಿದು ಮಲಗುತ್ತಿದ್ದರು. ಆದರೂ ಹಟ ಬಿಡಲಿಲ್ಲ. ಊಟದ ಹೊತ್ತಿಗೆ ಬಂದ ಬೀಗರಿಗೂ ಕಾಫಿ ತಡವೆಂದೇ ಹೇಳಿದರು.

ಕೆಲವು ತಿಂಗಳಲ್ಲಿ ನನ್ನ ರಕ್ತದಲ್ಲಿ ಕಬ್ಬಿಣದ ಅಂಶ ಏರಿತು. ಫಲಿತಾಂಶ ಕೈಗೆ ಬಂದ ದಿನ ಅತ್ತೆ ಹಡಗಲಿಯಲ್ಲಿರುವ ಮಗಳಿಗೆ ಫೋನ್ ಮಾಡಿ ಜೋರಾಗಿ ಹೇಳುತ್ತಿದ್ದರು: "ಲೇ, ನೀನೂ ಉಂಡ ಕೂಡ್ಲೇ ಕುಡೀಬ್ಯಾಡ. ನನ್ನ ಸೊಸಿ ಈಗ ಮಾಳಿಗಿ ಓಡಿಕೋತ ಹತ್ತತಾಳ."

ಒಣಗಿದ ಬಟ್ಟೆ ಮಡಚುತ್ತ ಕೇಳಿಸಿಕೊಂಡೆ. ಹೆತ್ತವಳಲ್ಲದೆ ಇಷ್ಟು ಮಾಡಿದ ಅವರಿಗೆ ಆ ದಿನ ನಾಲ್ಕು ಗಂಟೆಯ ಕಾಫಿಯನ್ನು ನಾನೇ ಮಾಡಿ ಕೊಟ್ಟೆ.