ಅಕ್ಕನ ಫೋನಿಗೆ ನನ್ನ ಹೆಸರು ಕಲಿಸಿದ್ದು

ದಾವಣಗೆರೆಯ ವಿನೋಬನಗರದಲ್ಲಿ ನಾನೊಬ್ಬಳೇ ಇರುವುದು. ಚಿಕ್ಕಂದಿನಲ್ಲಿ ಮನೆಯಲ್ಲಿ ಕರೆಯುತ್ತಿದ್ದ ಹೆಸರಿನಿಂದ ನನ್ನನ್ನು ಇನ್ನೂ ಕರೆಯುವವಳು ಹರಿಹರದ ಅಕ್ಕ ಮಾತ್ರ. ಅವಳ ಕಣ್ಣು ಮಂಜಾಗಿ, ನಂಬರ್ ಹುಡುಕಲಾಗದೆ, ಅವಳ ಫೋನ್ ಬರುವುದೇ ನಿಂತಿತ್ತು. ಬಾಯಲ್ಲಿ ಹೇಳಿದರೆ ಫೋನಿನ ಅಸಿಸ್ಟೆಂಟ್ ನನ್ನ ಹೆಸರನ್ನು ಏನೇನೋ ಕೇಳಿಸಿಕೊಂಡು ಸಿಲಿಂಡರ್ ತರುವವನಿಗೆ ಫೋನ್ ಹಚ್ಚುತ್ತಿತ್ತಂತೆ.

ಭಾನುವಾರ ಹೋಗಿ ನೋಡಿದೆ. ಅವಳ ಅಳಿಯ ನನ್ನ ನಂಬರನ್ನು ಇಂಗ್ಲಿಷ್ ಅಕ್ಷರದಲ್ಲಿ, ಇನಿಷಿಯಲ್, ಅಪ್ಪನ ಹೆಸರು ಸಮೇತ ಸೇವ್ ಮಾಡಿದ್ದ. ಅಕ್ಕ ನನ್ನನ್ನು ಯಾವತ್ತಾದರೂ ಹಾಗೆ ಕರೆದಿದ್ದಾಳೆಯೇ? ಅದನ್ನೆಲ್ಲ ಅಳಿಸಿ, ಅವಳು ಕರೆಯುವ ಹೆಸರನ್ನೇ ಕನ್ನಡದಲ್ಲಿ ಬರೆದೆ. ಅಸಿಸ್ಟೆಂಟ್ ಕೇಳಿಸಿಕೊಳ್ಳುವ ಭಾಷೆಯನ್ನೂ ಕನ್ನಡ ಮಾಡಿದೆ.

"ಈಗ ಹೇಳಕ್ಕ."

"ನಮ್ಮ ತಂಗಿಗೆ ಸ್ವಲ್ಪ ಫೋನ್ ಹಚ್ಚಿ ಕೊಡ್ರಿ, ಪುಣ್ಯ ಬರ್ತೈತೆ."

"ಅಯ್ಯೋ, ಅದಕ್ಕೆ ಯಾಕ ಇಷ್ಟು ಮರ್ಯಾದಿ? ನನ್ನ ಹೆಸರು ಹೇಳಿ 'ಫೋನ್ ಮಾಡು' ಅನ್ನು, ಸಾಕು."

ಹಾಗೇ ಅಂದಳು. ನನ್ನ ಫೋನ್ ರಿಂಗಾಯಿತು. ಅಕ್ಕ ಮಗುವಿನಂತೆ ನಕ್ಕಳು.

ಸಂಜೆ ನಾನು ದಾವಣಗೆರೆಗೆ ಬಂದು ಬೀಗ ತೆಗೆದು ಲೈಟ್ ಹಾಕುವಷ್ಟರಲ್ಲಿ ಅವಳ ಫೋನ್ ಬಂತು.

"ಏನಿಲ್ಲೇ, ಹತ್ತುತ್ತೋ ಇಲ್ಲೋ ಅಂತ ನೋಡಿದೆ."

"ದಿನಾ ನೋಡಕ್ಕ," ಎಂದೆ.