ಪತ್ರೊಡೆ ಬೇಕೆ, ಬೇಡವೆ

ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಹೋಗುವ ರಸ್ತೆಯ ಕೆಫೆಯೊಂದರಲ್ಲಿ ನಾನು ಎರಡು ವರ್ಷ ಕೆಲಸ ಮಾಡಿದೆ. ಬಿಲ್ಲು ಬರೆಯುವುದರ ಜೊತೆಗೆ ಇನ್‌ಸ್ಟಾಗ್ರಾಮಿಗೆ ಸ್ಟೋರಿ ಹಾಕುವುದೂ ನನ್ನ ಪಾಲಿಗೆ ಬಂದಿತ್ತು.

ಅಡುಗೆ ಮಾಡುತ್ತಿದ್ದ ಅಕ್ಕ ಒಂದು ಮಳೆಗಾಲದ ಬೆಳಿಗ್ಗೆ ಮನೆಯಿಂದ ಪತ್ರೊಡೆ ಮಾಡಿ ತಂದರು. ಕೆಸುವಿನೆಲೆಗೆ ಹಿಟ್ಟು ಸವರಿ, ಸುತ್ತಿ, ಬೇಯಿಸಿ, ಹೆಚ್ಚಿ, ಕೊಬ್ಬರಿ ಎಣ್ಣೆಯಲ್ಲಿ ಕೆಂಪಗೆ ಹುರಿದಿದ್ದರು. ನಾನು ನಾಲ್ಕು ತುಂಡು ತಿಂದೆ. ಮಾಲೀಕರು ಒಂದನ್ನು ತಿಂದು, "ಚೆನ್ನಾಗಿದೆ. ಆದ್ರೆ ಮೆನುಗೆ ಹಾಕೋ ಮುಂಚೆ ಜನ ಏನಂತಾರೆ ನೋಡಣ. ಒಂದು ಪೋಲ್ ಹಾಕು ಮಾರಾಯ್ತಿ. ಸ್ವಲ್ಪ ತಮಾಷೆಯಾಗಿ ಬರಿ" ಎಂದರು.

ನಾನು ಫೋಟೊ ತೆಗೆದೆ. ಮೋಡದ ಬೆಳಕಿನಲ್ಲಿ ಅದು ಕಪ್ಪಗೆ ಬಂತು. ಅದರ ಮೇಲೆ ಬರೆದೆ: "ಕೆಸುವಿನೆಲೆ ತಿನ್ನೋ ಧೈರ್ಯ ಇದೆಯಾ? ಗಂಟಲು ತುರಿಸಿದರೆ ನಾವು ಜವಾಬ್ದಾರರಲ್ಲ." ಕೆಳಗೆ ಪೋಲ್ ಸ್ಟಿಕ್ಕರಿನಲ್ಲಿ ಎರಡು ಆಯ್ಕೆ: "ಬರಲಿ", "ಅಯ್ಯೋ ಬೇಡ". ಬರೆದು ನಾನೇ ನಕ್ಕೆ.

ಮರುದಿನ, ಇಪ್ಪತ್ನಾಲ್ಕು ಗಂಟೆ ಕಳೆದು ಸ್ಟೋರಿ ಮರೆಯಾಗುವ ಮುಂಚೆ ತೆರೆದು ನೋಡಿದೆ. ಮುಕ್ಕಾಲು ಪಾಲು ಜನ ಬೇಡವೆಂದಿದ್ದರು. ಸ್ಟೋರಿ ಹಾಕಿದವರಿಗೆ ಯಾರು ಯಾವುದನ್ನು ಒತ್ತಿದರೆಂದು ಕಾಣುತ್ತದೆ. ಹೆಸರುಗಳನ್ನು ಒಂದೊಂದಾಗಿ ನೋಡುತ್ತ ಹೋದೆ. ಬೇಡವೆಂದವರಲ್ಲಿ ನಮ್ಮ ಕೆಫೆಗೆ ಬರುವವರು ಬೆರಳೆಣಿಕೆಯಷ್ಟೇ. ಪತ್ರೊಡೆಯನ್ನಂತೂ ಅವರಲ್ಲಿ ಯಾರಿಗೂ ನಾವು ಇನ್ನೂ ಬಡಿಸಿರಲಿಲ್ಲ.

ಮಾಲೀಕರಿಗೆ ಇದನ್ನು ಹೇಳಿದೆ. ನನ್ನ ಬರಹವೇ ಜನರನ್ನು ಹೆದರಿಸಿತೆಂದು ಮಾತ್ರ ಹೇಳಲಿಲ್ಲ. "ಜನ ಬೇಡ ಅಂದ್ಮೇಲೆ ಮುಗೀತು" ಎಂದು ಅವರು ಹೊಸ ಮೆನುವಿಗೆ ವಾಫಲ್ ಹಾಕಿಸಿದರು.

ಅಕ್ಕನ ಮಗಳು ಚಿಕ್ಕಮಗಳೂರಿನಲ್ಲಿ ಕಾಲೇಜು ಓದುತ್ತಿದ್ದಳು. ಸ್ಟೋರಿ ಅವಳ ಕಣ್ಣಿಗೂ ಬಿದ್ದಿತ್ತು.

ಅಕ್ಕ ಪಾತ್ರೆ ಒರೆಸುತ್ತ ಕೇಳಿದರು: "ನಾ ಮಾಡಿದ್ದು ತಿಂದ್ರೆ ಗಂಟ್ಲು ತುರಿಸ್ತದೆ ಅಂತ ಬರ್ದಿದ್ರಂತಲ್ಲ. ತುರಿಸದ ಹಾಗೆ ಹುಣಸೆಹುಳಿ ಎಷ್ಟು ಹಾಕ್ಬೇಕು ಅಂತ ನಂಗೆ ಗೊತ್ತಿಲ್ವಾ? ನೀವು ತಿಂದ್ರಲ್ಲ, ತುರಿಸ್ತಾ?"

"ಇಲ್ಲ ಅಕ್ಕ."

"ಮತ್ತೆ ಯಾರು ಬರ್ದಿದ್ದು ಅದು?"

"ಮಾಲೀಕರು ಹಾಗೆ ಬರಿ ಅಂದ್ರು" ಎಂದೆ.

ಅವರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು. "ಹೌದಾ" ಎಂದು ಬಟ್ಟೆ ಹಿಂಡಿ ಒಣಗಲು ಹಾಕಿದರು. ನಂಬಿದರೋ ಇಲ್ಲವೋ ತಿಳಿಯಲಿಲ್ಲ. ತಮಾಷೆಯಾಗಿ ಬರಿ ಎಂದಿದ್ದು ಮಾಲೀಕರೇ ಆದರೂ ತುರಿಕೆಯ ಮಾತು ಪೂರಾ ನನ್ನದು. ಇನ್ನೊಂದು ಸ್ಟೋರಿ ಹಾಕಿ ಸರಿಪಡಿಸಬಹುದಿತ್ತು. ಮಾಲೀಕರು ಏನಂದಾರೋ ಎಂದು ಸುಮ್ಮನಾದೆ.

ಅಕ್ಕ ಕೆಲಸ ಬಿಡಲಿಲ್ಲ. ಪ್ಯಾಕೆಟ್ಟಿನ ಹಿಟ್ಟು ಕಲಸಿ ವಾಫಲ್ ಮಾಡುವುದನ್ನು ಕಲಿತರು. ಮನೆಯಿಂದ ಏನನ್ನಾದರೂ ಮಾಡಿ ತರುವುದನ್ನು ಮಾತ್ರ ನಿಲ್ಲಿಸಿದರು. ಮುಂದಿನ ಮಳೆಗಾಲ ಮಂಗಳೂರಿನ ಕಡೆಯ ಹೆಂಗಸೊಬ್ಬರು ಪತ್ರೊಡೆ ಸಿಗುತ್ತದೆಯೇ ಎಂದು ವಿಚಾರಿಸಿದಾಗ, ಅಕ್ಕ ಅಡುಗೆಮನೆಯ ಬಾಗಿಲಿನಿಂದಲೇ ಉತ್ತರಿಸಿದರು: "ನಂಗೆ ಅದು ಮಾಡೋಕೆ ಬರಲ್ಲ."

ಬಿಲ್ಲಿನ ಮೇಜಿನ ಹಿಂದೆ ಕೂತಿದ್ದ ನಾನು ತಲೆ ಎತ್ತಲಿಲ್ಲ.